ಮೂವತ್ತೊಂದು ಚೀಟಿಗಳ ಪಾಠ

ಜೀವಶಾಸ್ತ್ರದ ಮೇಡಂ ಮಾತಾಡುವುದು ನಿಂತು ಐದು ದಿನವಾಗಿತ್ತು. ಅದಾಗಿ ನಿಂತದ್ದಲ್ಲ, ಡಾಕ್ಟರು ನಿಲ್ಲಿಸಿದ್ದು. ಇಪ್ಪತ್ತೆರಡು ವರ್ಷ ಮೈಕಿಲ್ಲದೆ ಎಂಬತ್ತು ಮಕ್ಕಳ ತರಗತಿಗೆ ಪಾಠ ಹೇಳಿ ಹೇಳಿ ಗಂಟಲಿನ ತಂತುಗಳ ಮೇಲೆ ಗಂಟು ಬೆಳೆದಿದ್ದವು. ಆಪರೇಷನ್ ಮಾಡಿ ತೆಗೆದಿದ್ದರು. ಗಾಯ ಮಾಯುವ ತನಕ, ಅಂದರೆ ಮೂರು ವಾರ, ಒಂದಕ್ಷರ ಆಡಕೂಡದು, ಪಿಸುಮಾತೂ ಕೂಡದು ಎಂದು ಕಟ್ಟಪ್ಪಣೆಯಾಗಿತ್ತು. ಮೀರಿದರೆ ಹಸಿ ಗಾಯ ಕಲೆಗಟ್ಟಿ, ದನಿ ಜೀವಮಾನವಿಡೀ ಹರಿದ ತಮಟೆಯ ಹಾಗೆ ಉಳಿದುಬಿಡಬಹುದು.

ಮನೆಯಲ್ಲಿ ಸುಮ್ಮನೆ ಕೂರುವ ಹೆಂಗಸಾಗಿದ್ದರೆ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆರನೆಯ ದಿನ ಆಕೆ ಕುತ್ತಿಗೆಗೆ ಕರವಸ್ತ್ರ ಸುತ್ತಿಕೊಂಡು, ಮೊಮ್ಮಗಳ ಸ್ಲೇಟನ್ನು ಕಂಕುಳಲ್ಲಿಟ್ಟುಕೊಂಡು ಕಾಲೇಜಿಗೆ ಬಂದರು.

ಪ್ರಿನ್ಸಿಪಾಲರ ಕೋಣೆಯಲ್ಲಿ ಆಗ ರಸಾಯನಶಾಸ್ತ್ರದ ಮೇಷ್ಟ್ರು ನಿಂತಿದ್ದರು. ಮೂವತ್ತರ ವಯಸ್ಸು, ಇಸ್ತ್ರಿ ಅಂಗಿ, ಮಾತು ಚುರುಕು. ಮಕ್ಕಳು ಇಟ್ಟ ಹೆಸರು ಆಸಿಡ್. ಆ ಹೆಸರು ತನಗೆ ಗೊತ್ತಿಲ್ಲ ಎಂದು ನಟಿಸುವುದರಲ್ಲಿ ಅವರು ಪಳಗಿದ್ದರು. ಬದಲಿ ಮೇಷ್ಟ್ರು ಯಾರೂ ಸಿಕ್ಕಿರಲಿಲ್ಲ. ಪೂರ್ವಸಿದ್ಧತಾ ಪರೀಕ್ಷೆಗೆ ಎರಡು ವಾರ ಇತ್ತು. ಹನ್ನೆರಡನೆಯ ತರಗತಿಗೆ ಉಳಿದಿದ್ದದ್ದು ಒಂದೇ ಅಧ್ಯಾಯ, ಪರಿಸರ ವ್ಯವಸ್ಥೆ. ಸಿಗುವ ಪೀರಿಯಡ್ ಒಂಬತ್ತು.

"ಒಂಬತ್ತರಲ್ಲಿ ಪಾಠ ಎಲ್ಲಿ ಆಗುತ್ತೆ? ನೋಟ್ಸ್ ಬರೆಸಿ ಮುಗಿಸಿಬಿಡಿ," ಎಂದರು ಪ್ರಿನ್ಸಿಪಾಲರು. "ನೀವೂ ಪದವಿಗೆ ಜೀವಶಾಸ್ತ್ರ ಓದಿದವರೇ ತಾನೆ?"

"ಓದಿದ್ದೆ ಸರ್. ಪಾಸೂ ಆಗಿದ್ದೆ. ಆಮೇಲೆ ನಮ್ಮಿಬ್ಬರಿಗೂ ಸಂಬಂಧ ಇಲ್ಲ."

ಬಾಗಿಲಲ್ಲಿ ಬಳಪ ಕಿರುಗುಟ್ಟಿತು. ಇಬ್ಬರೂ ತಿರುಗಿ ನೋಡಿದರು. ಮೇಡಂ ಸ್ಲೇಟನ್ನು ಎದೆಯ ಮಟ್ಟಕ್ಕೆ ಹಿಡಿದಿದ್ದರು. ಅಕ್ಷರ ದುಂಡಗೆ, ಕೋಪ ಉದ್ದಕ್ಕೆ: ನೋಟ್ಸ್ ಬರೆಸಿದರೆ ಸೋಮವಾರದಿಂದ ನಾನೇ ಪಾಠ ಮಾಡ್ತೀನಿ.

"ಮೇಡಂ, ಡಾಕ್ಟರು ಏನು ಹೇಳಿದಾರೆ ಅಂತ ನಿಮ್ಮ ಯಜಮಾನರು ಫೋನಲ್ಲಿ ಹೇಳಿದರು," ಎಂದರು ಪ್ರಿನ್ಸಿಪಾಲರು.

ಮೇಡಂ ಸ್ಲೇಟನ್ನು ಒರೆಸಲಿಲ್ಲ. ಹಾಗೇ ಹಿಡಿದು ನಿಂತರು. ಇಪ್ಪತ್ತೆರಡು ವರ್ಷ ಆಕೆಯನ್ನು ಕಂಡಿದ್ದ ಪ್ರಿನ್ಸಿಪಾಲರು ರಸಾಯನದ ಮೇಷ್ಟ್ರ ಕಡೆ ನೋಡಿದರು. ಆ ನೋಟದ ಅರ್ಥ ಸರಳವಾಗಿತ್ತು: ಇವರು ಬೆದರಿಸುತ್ತಿಲ್ಲ, ಹೇಳಿದ್ದನ್ನು ಮಾಡುತ್ತಾರೆ. ಇವರ ಗಂಟಲು ಇನ್ನು ನಿಮ್ಮ ಕೈಯಲ್ಲಿ.

*

ಜೀವಶಾಸ್ತ್ರದ ಲ್ಯಾಬಿನಲ್ಲಿ ಫಾರ್ಮಲಿನ್ ವಾಸನೆ ಗೋಡೆಗೇ ಇಳಿದುಹೋಗಿತ್ತು. ಕಿಟಕಿಯ ಪಕ್ಕ ಆಳೆತ್ತರದ ಒಂದು ಸಾಫ್ಟ್ ಬೋರ್ಡ್. ಅದರ ಮೇಲಿದ್ದ ಹಳೆಯ ವೇಳಾಪಟ್ಟಿ, ಬಣ್ಣ ಮಾಸಿದ ಚಿಟ್ಟೆಯ ಚಿತ್ರ ಎಲ್ಲವನ್ನೂ ಲ್ಯಾಬಿನ ಅಣ್ಣ ಕಿತ್ತುಹಾಕಿದ್ದ. ರಸಾಯನದ ಲ್ಯಾಬನ್ನೂ ನೋಡಿಕೊಳ್ಳುತ್ತಿದ್ದ, ನಿವೃತ್ತಿಗೆ ಎರಡೇ ವರ್ಷ ಉಳಿದಿದ್ದ ಆತನನ್ನು ಪ್ರಿನ್ಸಿಪಾಲರಿಂದ ಹಿಡಿದು ಎಲ್ಲರೂ ಅಣ್ಣ ಎಂದೇ ಕರೆಯುತ್ತಿದ್ದರು.

ಮೇಜಿನ ಮೇಲೆ ರಟ್ಟಿನ ಚೀಟಿಗಳು, ಒಂದು ಡಬ್ಬಿ ಪಿನ್ನು, ಹೊಲಿಗೆ ಪೆಟ್ಟಿಗೆಯಿಂದ ತಂದ ಒಂದು ಉಂಡೆ ಕಪ್ಪು ದಾರ. ಮೇಡಂ ಸ್ಲೇಟಿನ ಮೇಲೆ ಬರೆದರು: ಈ ಅಧ್ಯಾಯದಲ್ಲಿ ಇರೋ ವಿಚಾರಗಳನ್ನೆಲ್ಲ ಒಂದೊಂದು ಚೀಟೀಲಿ ಬರೀರಿ. ಬೋರ್ಡಿಗೆ ಚುಚ್ಚಿ. ಯಾವುದು ಯಾವುದರ ಮೇಲೆ ನಿಂತಿದೆ ಅಂತ ದಾರ ಕಟ್ಟಿ.

"ಪರಿಕಲ್ಪನಾ ನಕ್ಷೆ," ಎಂದರು ಮೇಷ್ಟ್ರು. "ತರಬೇತೀಲಿ ಹೇಳಿಕೊಟ್ಟಿದಾರೆ. ಚಾರ್ಟ್ ಮಾಡಿ ಗೋಡೆಗೆ ಅಂಟಿಸೋದು, ಇನ್ಸ್‌ಪೆಕ್ಷನ್ ಆದಮೇಲೆ ಸುರುಳಿ ಸುತ್ತಿಡೋದು."

ಮೇಡಂ ಬಾಯಿ ಮುಚ್ಚಿಕೊಂಡೇ ನಕ್ಕರು. ನಗುವುದಕ್ಕೂ ದನಿ ಬೇಕು ಎಂಬುದು ಮೇಷ್ಟ್ರಿಗೆ ಅವತ್ತು ಗೊತ್ತಾಯಿತು. ಆಕೆಯ ಭುಜ ಮಾತ್ರ ಅಲುಗುತ್ತಿತ್ತು.

ಮೇಷ್ಟ್ರು ಅರ್ಧ ಗಂಟೆಯಲ್ಲಿ ಮುಗಿಸಿದರು. ಪುಸ್ತಕದ ತಲೆಬರಹಗಳೆಲ್ಲ ಚೀಟಿಗಳಾದವು. ಘಟಕಗಳು, ಉತ್ಪಾದಕತೆ, ವಿಘಟನೆ, ಶಕ್ತಿಯ ಹರಿವು, ಪಿರಮಿಡ್ಡುಗಳು, ಪೋಷಕಾಂಶಗಳ ಚಕ್ರ. ಎಡದಿಂದ ಬಲಕ್ಕೆ ಸಾಲಾಗಿ ಚುಚ್ಚಿ, ಒಂದರಿಂದ ಒಂದಕ್ಕೆ ದಾರ ಎಳೆದರು. ಬಟ್ಟೆ ಒಣಗಿಸುವ ತಂತಿಯ ಹಾಗೆ ನೀಟಾಗಿ ಬಂದಿತ್ತು.

ಮೇಡಂ ಎದ್ದು ಬಂದು ಪಿರಮಿಡ್ಡಿಗೂ ಪೋಷಕಾಂಶ ಚಕ್ರಕ್ಕೂ ನಡುವಿನ ದಾರವನ್ನು ಬೆರಳಿನಿಂದ ಮೀಟಿದರು. ಬರೆದರು: ಈ ದಾರದ ಮೇಲೆ ಏನು ಮಾತು ಬರೀತೀರಿ?

"ಮಾತಾ?"

ಮೇಲಿನ ಚೀಟಿ, ದಾರದ ಮಾತು, ಕೆಳಗಿನ ಚೀಟಿ. ಮೂರೂ ಸೇರಿಸಿ ಓದಿದರೆ ಒಂದು ವಾಕ್ಯ ಆಗಬೇಕು. ಅದು ನಿಜ ಇರಬೇಕು.

ಮೇಷ್ಟ್ರು ಯೋಚಿಸಿದರು. ಪಿರಮಿಡ್ ಅರ್ಥವಾಗಲು ಪೋಷಕಾಂಶ ಚಕ್ರ ಬೇಕಿಲ್ಲ. ಚಕ್ರಕ್ಕೂ ಪಿರಮಿಡ್ ಬೇಕಿಲ್ಲ. "ಪಿರಮಿಡ್... ಆಮೇಲೆ... ಪೋಷಕಾಂಶ ಚಕ್ರ," ಎಂದರು.

ಬಳಪ ಕಿರುಗುಟ್ಟಿತು. ಆಮೇಲೆ ಅನ್ನೋದು ಪಾಠದ ಮಾತಲ್ಲ. ಪೀರಿಯಡ್ ಬೆಲ್ಲಿನ ಮಾತು.

ಮೂಲೆಯಲ್ಲಿ ಸ್ಲೈಡ್ ಒರೆಸುತ್ತಿದ್ದ ಅಣ್ಣ ಕೆಮ್ಮಿದ. ಅದು ಕೆಮ್ಮಲ್ಲ ಎಂದು ಮೇಷ್ಟ್ರಿಗೂ ಗೊತ್ತಿತ್ತು.

*

ಎರಡನೆಯ ದಿನ ಚೀಟಿಗಳು ಇಪ್ಪತ್ತಾರಾದವು. ತಲೆಬರಹ ಒಡೆದು ಅದರೊಳಗಿನ ವಿಚಾರಗಳನ್ನು ಬಿಡಿಬಿಡಿಯಾಗಿ ಬರೆದಾಗ ಅಧ್ಯಾಯ ಬೇರೆಯೇ ಕಾಣಿಸಿತು. ಉತ್ಪಾದಕರು, ಭಕ್ಷಕರು, ವಿಘಟಕರು, ಆಹಾರ ಸರಪಳಿ, ಆಹಾರ ಜಾಲ, ಪೋಷಣಾ ಸ್ತರ. ಮೇಡಂ ಒಂದು ಪರೀಕ್ಷೆ ಇಟ್ಟಿದ್ದರು. ಒಂದು ಚೀಟಿ ತೋರಿಸುತ್ತಿದ್ದರು, ಇನ್ನೊಂದನ್ನು ಅಂಗೈಯಲ್ಲಿ ಮುಚ್ಚುತ್ತಿದ್ದರು. ಮುಚ್ಚಿದ್ದನ್ನು ಬಳಸದೆ ತೋರಿಸಿದ್ದನ್ನು ವಿವರಿಸಬೇಕು.

"ಪೋಷಣಾ ಸ್ತರ ಅಂದರೆ, ಒಂದು ಜೀವಿ ಆಹಾರ ಸರಪ..." ಮೇಷ್ಟ್ರು ನಾಲಗೆ ಕಚ್ಚಿಕೊಂಡರು. ಮತ್ತೆ ಶುರುಮಾಡಿದರು. "ಒಂದು ಜೀವಿ ಯಾರನ್ನ ತಿನ್ನುತ್ತೆ, ಅದನ್ನ ಯಾರು ತಿಂತಾರೆ ಅನ್ನೋ ಸಾಲಿನಲ್ಲಿ..."

ಮೇಡಂ ಅಂಗೈ ತೆಗೆದು ಆಹಾರ ಸರಪಳಿಯ ಚೀಟಿ ತೋರಿಸಿದರು. ಹೆಸರು ಬಿಟ್ಟರೂ ಸರಪಳಿಯನ್ನು ಬಿಡಲಾಗಲಿಲ್ಲ. ದಾರ ಬಿತ್ತು. ಆಹಾರ ಸರಪಳಿ ಕೆಳಗೆ, ಪೋಷಣಾ ಸ್ತರ ಮೇಲೆ, ನಡುವೆ ಸಣ್ಣ ಕಾಗದದ ಮೇಲೆ 'ಇದರಲ್ಲಿನ ಸ್ಥಾನ' ಎಂಬ ಮಾತು.

ಇದೊಂದು ಆಟದ ಹಾಗೆ ಹಿಡಿಸಿತು. ಮಧ್ಯಾಹ್ನದ ಹೊತ್ತಿಗೆ ಮೇಷ್ಟ್ರು ತಾವೇ ಚೀಟಿ ಮುಚ್ಚಿ ತಮ್ಮನ್ನೇ ಪ್ರಶ್ನಿಸಿಕೊಳ್ಳುತ್ತಿದ್ದರು. ಆ ಹುಮ್ಮಸ್ಸಿನಲ್ಲೇ ಎಡವಿದ್ದು. ವಿಘಟಕರನ್ನು ಬೋರ್ಡಿನ ತೀರಾ ಕೆಳಗೆ ಇಳಿಸಿ, ಅಲ್ಲಿಂದ ಉತ್ಪಾದಕರಿಗೆ ಒಂದು ದಾರ ಎಳೆದು, 'ಇವರಿಲ್ಲದೆ ಇಲ್ಲ' ಎಂದು ಬರೆದರು. ಉತ್ಪಾದಕರಿಂದ ಭಕ್ಷಕರಿಗೆ, ಭಕ್ಷಕರಿಂದ ಸತ್ತ ಜೀವಾಂಶಕ್ಕೆ, ಅಲ್ಲಿಂದ ಮತ್ತೆ ವಿಘಟಕರಿಗೆ ದಾರ ಹೋಯಿತು. ಬೋರ್ಡಿನ ಮೇಲೆ ಒಂದು ಸೊಗಸಾದ ವೃತ್ತ ಕೂಡಿಬಂತು. ಮೇಷ್ಟ್ರು ಎರಡು ಹೆಜ್ಜೆ ಹಿಂದೆ ಸರಿದು, ಸೊಂಟದ ಮೇಲೆ ಕೈಯಿಟ್ಟು ನಿಂತರು.

"ಪ್ರಕೃತಿ ಮೇಡಂ. ಎಲ್ಲ ಒಂದಕ್ಕೊಂದು ಸುತ್ತಿಕೊಂಡಿದೆ. ವಿಘಟಕರು ಇಲ್ಲದಿದ್ದರೆ ಮಣ್ಣಿಗೆ ಸತ್ವ ಇಲ್ಲ, ಸತ್ವ ಇಲ್ಲದಿದ್ದರೆ ಗಿಡ ಇಲ್ಲ."

ಮೇಡಂ ವೃತ್ತವನ್ನು ಬಹಳ ಹೊತ್ತು ನೋಡಿದರು. ತಲೆದೂಗಿದರು. ಬರೆದರು: ಮೊದಲನೇ ಪೀರಿಯಡ್ ಯಾವುದು?

ಮೇಷ್ಟ್ರು ಬಾಯಿ ತೆರೆದರು. ವಿಘಟಕರಿಂದ ಶುರುಮಾಡೋಣವೆಂದರೆ, ಸತ್ತ ಜೀವಾಂಶ ಎಂದರೇನೆಂದು ಮೊದಲು ಹೇಳಬೇಕು. ಅದಕ್ಕೆ ಸಾಯಲು ಗಿಡವೋ ಪ್ರಾಣಿಯೋ ಬೇಕು. ಗಿಡದಿಂದ ಶುರುಮಾಡೋಣವೆಂದರೆ, ತಾವೇ ಕಟ್ಟಿದ ದಾರದ ಪ್ರಕಾರ ವಿಘಟಕರು ಮೊದಲೇ ಗೊತ್ತಿರಬೇಕು. ಬೆರಳು ವೃತ್ತದ ಸುತ್ತ ಎರಡು ಸುತ್ತು ಬಂತು. ಎಲ್ಲಿಯೂ ಬಾಗಿಲು ಸಿಗಲಿಲ್ಲ.

"ಇದು ನಿಜ ತಾನೆ ಮೇಡಂ? ತಪ್ಪೇನು ಬರೆದಿಲ್ಲ."

ನಿಜವೇ. ಆದರೆ ಅದು ಕಾಡಿನ ದಾರ. ನಾವು ಕಟ್ತಿರೋದು ತಲೆಯ ದಾರ. ಸ್ಲೇಟು ತುಂಬಿತು. ಒರೆಸಿ ಮುಂದುವರಿಸಿದರು. ಗಿಡ ಬದುಕೋಕೆ ವಿಘಟಕರು ಬೇಕು. ಗಿಡ ಅಂದರೇನು ಅಂತ ತಿಳಿಯೋಕೆ ಬೇಕಾ?

ಮೇಷ್ಟ್ರು ಉತ್ಪಾದಕರ ಚೀಟಿಯ ಮೇಲೆ ಬೆರಳಿಟ್ಟರು. ಬೇಕಿಲ್ಲ. ಬೆಳಕು, ನೀರು, ಗಾಳಿ ಬೇಕು. ತನ್ನ ಆಹಾರ ತಾನೇ ಮಾಡಿಕೊಳ್ಳುತ್ತದೆ ಎಂಬಷ್ಟು ಸಾಕು. ಜೀವಿಗಳು ಒಂದನ್ನೊಂದು ಅವಲಂಬಿಸುವುದು ಬೇರೆ, ವಿಚಾರಗಳು ಒಂದರ ಮೇಲೊಂದು ನಿಲ್ಲುವುದು ಬೇರೆ. ಎರಡನ್ನೂ ಒಂದೇ ದಾರದಲ್ಲಿ ಕಟ್ಟಿ ಸುರುಳಿ ಮಾಡಿಕೊಂಡಿದ್ದರು. ವಿಘಟಕರಿಂದ ಉತ್ಪಾದಕರಿಗೆ ಹೋಗಿದ್ದ ದಾರವನ್ನು ತಾವೇ ಬಿಚ್ಚಿದರು. ವೃತ್ತ ಕುಸಿದು, ಬುಡವಿರುವ ಒಂದು ಮರದ ಹಾಗೆ ಆಯಿತು. ಆ ವೃತ್ತ ಹೋಯಿತಲ್ಲ ಎಂದು ಒಳಗೊಳಗೇ ಕಸಿವಿಸಿಯಾಯಿತು. ಅದಕ್ಕೂ ಮೇಡಂ ಹತ್ತಿರ ಜಾಗವಿತ್ತು. ನಿನ್ನೆಯ ಸಾಲಿನಿಂದ ಕಿತ್ತಿಟ್ಟಿದ್ದ 'ಪೋಷಕಾಂಶ ಚಕ್ರ'ದ ಚೀಟಿಯನ್ನು ಮರದ ಒಂದು ಕೊಂಬೆಯ ತುದಿಗೆ ಚುಚ್ಚಿ, ವಿಘಟನೆಯಿಂದ, ಉತ್ಪಾದಕರಿಂದ, ಭಕ್ಷಕರಿಂದ ಅಲ್ಲಿಗೆ ಮೂರು ದಾರ ಕಟ್ಟಿದರು. ವೃತ್ತ ಮಕ್ಕಳಿಗೆ ಕಾಣಿಸುತ್ತದೆ. ಎಂಟನೆಯ ಪೀರಿಯಡ್‌ನಲ್ಲಿ.

ಸಂಜೆ ನಾಲ್ಕೂವರೆಗೆ ಮೇಡಂ ಯಜಮಾನರು ಸ್ಕೂಟರ್ ತಂದು ನಿಲ್ಲಿಸಿ ಲ್ಯಾಬಿನ ಬಾಗಿಲಿಗೆ ಬಂದರು. ಸರ್ವೆ ಆಫೀಸಿನಲ್ಲಿ ನಕ್ಷೆ ಬರೆಯುವ ಕೆಲಸ ಅವರದ್ದು. ಬೋರ್ಡನ್ನು ತಲೆ ಓರೆ ಮಾಡಿ ನೋಡಿದರು.

"ನಮ್ಮಲ್ಲಿ ಈ ಥರ ಗೆರೆ ಎಳೆದರೆ ಅಕ್ಕಪಕ್ಕದವರು ಕೋರ್ಟಿಗೆ ಹೋಗ್ತಾರೆ," ಎಂದರು. ಹೆಂಡತಿಯ ಚೀಲ ಕೈಗೆತ್ತಿಕೊಂಡು, ಮೇಷ್ಟ್ರನ್ನು ವರಾಂಡಕ್ಕೆ ಕರೆದರು. "ನೋಡಿ ಇವರೇ, ಮೂವತ್ತು ವರ್ಷದಲ್ಲಿ ಮನೇಲಿ ಮೊದಲ ಸಲ ಕೊನೇ ಮಾತು ನಂದಾಗಿದೆ. ಚೆನ್ನಾಗಿರುತ್ತೆ ಅಂದ್ಕೊಂಡಿದ್ದೆ. ಚೆನ್ನಾಗಿಲ್ಲ." ಚೀಲವನ್ನು ಇನ್ನೊಂದು ಕೈಗೆ ಬದಲಾಯಿಸಿದರು. "ಅವಳು ನಿಮ್ಮ ಕ್ಲಾಸಲ್ಲಿ ಹಿಂದೆ ಕೂತ್ಕೋತಾಳಂತೆ. ನೀವು ಎಲ್ಲಾದರೂ ತಡವರಿಸಿದರೆ ಬಾಯಿ ಹಾಕ್ತಾಳೆ. ಬೇಕು ಅಂತ ಅಲ್ಲ, ಅದು ಅವಳ ಕೈಯಲ್ಲಿಲ್ಲ. ತಡವರಿಸಬೇಡಿ."

"ನಾನು ಕೆಮಿಸ್ಟ್ರಿಯವನು ಸರ್."

"ಗೊತ್ತು. ಅದಕ್ಕೇ ಹೇಳ್ತಿದೀನಿ."

*

ಶುಕ್ರವಾರ ಚೀಟಿಗಳು ಮೂವತ್ತೊಂದಾದವು. ಇನ್ನು ಕತ್ತರಿ ಆಡಿಸುವುದು ಬಾಕಿ. ಒಂಬತ್ತು ಪೀರಿಯಡ್‌ಗೆ ಮೂವತ್ತೊಂದು ವಿಚಾರ ಹಿಡಿಯುವುದಿಲ್ಲ.

"ಉತ್ಪಾದಕತೆ ಬಿಟ್ಟುಬಿಡೋಣ," ಎಂದರು ಮೇಷ್ಟ್ರು. "ಹಳೇ ಪ್ರಶ್ನೆಪತ್ರಿಕೆ ಎಲ್ಲ ನೋಡಿದೀನಿ. ಬಂದರೆ ಒಂದು ಅಂಕ. ಇಷ್ಟು ಚದರ ಮೀಟರಿಗೆ, ವರ್ಷಕ್ಕೆ, ಇಷ್ಟು ಗ್ರಾಂ. ಬರೀ ಲೆಕ್ಕ. ಮಕ್ಕಳಿಗೂ ಬೇಜಾರು."

ಮೇಡಂ ಸ್ಲೇಟನ್ನು ಮುಟ್ಟಲೇ ಇಲ್ಲ. ಎದ್ದು ಬಂದು ಉತ್ಪಾದಕತೆಯ ಚೀಟಿಯ ಪಿನ್ ಕಡೆ ಕೈ ತೋರಿಸಿದರು. ಕೀಳುವ ಸನ್ನೆ ಮಾಡಿದರು.

ಮೇಷ್ಟ್ರು ಕಿತ್ತರು. ಅದಕ್ಕೆ ಕಟ್ಟಿದ್ದ ಮೂರು ದಾರಗಳು ಸಡಿಲಗೊಂಡು ಜೋಲುಬಿದ್ದವು. ಆಧಾರದ ದಾರ ಜೋಲಿದ ಚೀಟಿ ಬೋರ್ಡಿನ ಮೇಲೆ ಇರಕೂಡದು. ಮೇಡಂ ಒಂದೊಂದನ್ನೇ ಕೀಳುತ್ತಾ ಹೋದರು. ಒಟ್ಟು ಉತ್ಪಾದಕತೆ ಹೋಯಿತು. ಗಿಡದ ಉಸಿರಾಟಕ್ಕೆ ಖರ್ಚಾಗಿ ಉಳಿಯುವ ನಿವ್ವಳ ಉತ್ಪಾದಕತೆ ಹೋಯಿತು. ಆ ಉಳಿಕೆಯೇ ಭಕ್ಷಕರಿಗೆ ಸಿಗುವುದು, ಹಾಗಾಗಿ ಭಕ್ಷಕರ ಮೈಯಲ್ಲಿ ಆಗುವ ದ್ವಿತೀಯಕ ಉತ್ಪಾದಕತೆ ಹೋಯಿತು, ಶಕ್ತಿಯ ಹರಿವು ಹೋಯಿತು. ಶಕ್ತಿಯ ಹರಿವಿಗೆ ನೇತುಬಿದ್ದಿದ್ದ ಶೇಕಡಾ ಹತ್ತರ ನಿಯಮ ಹೋಯಿತು. ಅದರ ಮೇಲೆ ನಿಂತಿದ್ದ ಶಕ್ತಿಯ ಪಿರಮಿಡ್ ಹೋಯಿತು. ಕೊನೆಗೆ, ಆಹಾರ ಸರಪಳಿ ನಾಲ್ಕೈದು ಮೆಟ್ಟಿಲು ದಾಟುವುದೇಕೆ ಅಪರೂಪ ಎಂಬ ಚೀಟಿ ಹೋಯಿತು. ಮೇಡಂ ಅಂಗೈಯಲ್ಲಿ ಏಳು ಚೀಟಿ. ಮೇಷ್ಟ್ರ ಕೈಯಲ್ಲಿ ಒಂದು. ಬೋರ್ಡಿನ ನಡುಮಧ್ಯೆ ದೊಡ್ಡ ತೂತು.

ಅಣ್ಣ ಬಕೆಟ್ ಕೆಳಗಿಟ್ಟು ನೋಡಿದ. "ಒಂದು ಅಂಕದ್ದು ಅಂದ್ರಲ್ಲ ಮೇಷ್ಟ್ರೆ, ಇಷ್ಟೊಂದು ಮನೆ ಬಿತ್ತು."

ಮೇಷ್ಟ್ರಿಗೆ ನಾಚಿಕೆಗಿಂತ ಹೆಚ್ಚಾಗಿ ಬೆರಗಾಯಿತು. ಪದವಿಯಲ್ಲಿ ಇದೇ ಅಧ್ಯಾಯವನ್ನು ಗಟ್ಟುಮಾಡಿ ಅರವತ್ತೆಂಟು ಅಂಕ ತೆಗೆದಿದ್ದರು. ಒಂದು ಸಾಲಿನ ಮೇಲೆ ಇನ್ನೊಂದು ಸಾಲು ನಿಂತಿದೆ ಎಂದು ಒಮ್ಮೆಯೂ ಅನ್ನಿಸಿರಲಿಲ್ಲ. ಈಕೆ ಒಂದು ಡಬ್ಬಿ ಪಿನ್ನು ಮತ್ತು ಹೊಲಿಗೆ ದಾರದಲ್ಲಿ, ಒಂದು ಮಾತೂ ಆಡದೆ, ಅದನ್ನು ಕಣ್ಣಿಗೆ ಕಟ್ಟಿದ್ದರು.

"ಸರಿ. ಯಾವುದನ್ನ ಕಿತ್ತರೆ ಏನೂ ಬೀಳಲ್ಲ?"

ಈಗ ಸರಿಯಾದ ಪ್ರಶ್ನೆ ಎಂಬಂತೆ ಮೇಡಂ ಮೇಷ್ಟ್ರ ಭುಜ ತಟ್ಟಿದರು. ಇಬ್ಬರೂ ಸೇರಿ ಹುಡುಕಿದರು. ಬರಡು ಬಂಡೆಯ ಮೇಲೆ ಮೊದಲು ಕಲ್ಲುಹೂವು, ನಂತರ ಹಾವಸೆ, ಹುಲ್ಲು, ಪೊದೆ ಎಂದು ಸಮುದಾಯ ಬದಲಾಗುತ್ತಾ ಹೋಗುವ ಭಾಗ, ಅನುಕ್ರಮಣ. ಅದಕ್ಕೆ ಕೆಳಗಿನಿಂದ ಎರಡು ದಾರ ಬಂದಿದ್ದವು. ಅದರಿಂದ ಮೇಲಕ್ಕೆ ಒಂದೂ ಹೋಗಿರಲಿಲ್ಲ. ಪುಸ್ತಕದಲ್ಲಿ ನಾಲ್ಕು ಪುಟ ತಿಂದಿದ್ದ ಭಾಗ. ಕಿತ್ತರು. ಏನೂ ಬೀಳಲಿಲ್ಲ. ಅದು ಮಕ್ಕಳು ಮನೆಯಲ್ಲಿ ಓದಿಕೊಂಡು ಬರುವ ಪಾಠವಾಯಿತು. ಮತ್ತೆ ನಾಲ್ಕು ಚೀಟಿ ಹಾಗೆಯೇ ಬದಿಗೆ ಸರಿದವು. ಉಳಿದದ್ದನ್ನು ಬುಡದಿಂದ ತುದಿಗೆ ಒಂಬತ್ತು ಪೀರಿಯಡ್‌ಗೆ ಹಂಚಿದರು. ಪುಸ್ತಕದ ಕ್ರಮವೇ ಬೇರೆ, ಇದೇ ಬೇರೆ.

ಉತ್ಪಾದಕತೆಯ ಚೀಟಿಯನ್ನು ಮತ್ತೆ ಚುಚ್ಚುವ ಮೊದಲು ಮೇಡಂ ಅದರ ಮೇಲಿದ್ದ 'ವರ್ಷಕ್ಕೆ' ಎಂಬ ಪದದಡಿ ಎರಡು ಗೆರೆ ಎಳೆದರು. ಮೇಷ್ಟ್ರು ನೋಡಿದರು, ಕೇಳಲಿಲ್ಲ.

*

ತರಗತಿ ಲ್ಯಾಬಿನಲ್ಲೇ ನಡೆಯಿತು, ಬೋರ್ಡು ಕಾಣಲೆಂದು. ಎಂಬತ್ತು ಮಕ್ಕಳು ನಲವತ್ತು ಸ್ಟೂಲುಗಳ ಮೇಲೆ. ಮೇಡಂ ಹಿಂದಿನ ಕಿಟಕಿಯ ಬಳಿ, ಸ್ಲೇಟು ತೊಡೆಯ ಮೇಲೆ. ಅಣ್ಣ ಎಂದಿನ ಮೂಲೆಯಲ್ಲಿ.

"ಆಸಿಡ್‌ಗೆ ಬಯಾಲಜಿ ಬರುತ್ತಾ?" ಎಂದು ಯಾರೋ ಗುಸುಗುಟ್ಟಿದ್ದು ಮೊದಲ ದಿನ ಸ್ಪಷ್ಟವಾಗಿಯೇ ಕೇಳಿಸಿತು.

"ಬರಲ್ಲ," ಎಂದರು ಮೇಷ್ಟ್ರು. "ಅದಕ್ಕೇ ನಕ್ಷೆ ಇಟ್ಕೊಂಡಿದೀನಿ. ದಾರಿ ಗೊತ್ತಿಲ್ಲದವನೇ ತಾನೆ ನಕ್ಷೆ ನೋಡೋದು?"

ಆರು ಪೀರಿಯಡ್ ಹಾಗೇ ಸಾಗಿದವು. ಪ್ರತಿ ದಿನ ಪಾಠ ಶುರುವಾಗುವ ಮೊದಲು ಒಬ್ಬರನ್ನು ಎಬ್ಬಿಸಿ, ನಿನ್ನೆಯ ಒಂದು ಚೀಟಿಯನ್ನು ಮುಚ್ಚಿ, ಇವತ್ತಿನದನ್ನು ಅದಿಲ್ಲದೆ ಊಹಿಸಲು ಹೇಳುತ್ತಿದ್ದರು. ಮಕ್ಕಳು ತಿಣುಕುತ್ತಿದ್ದರು, ನಗುತ್ತಿದ್ದರು, ನಿನ್ನೆಯದು ಯಾಕೆ ಬೇಕಿತ್ತು ಎಂದು ತಾವೇ ಕಂಡುಕೊಳ್ಳುತ್ತಿದ್ದರು. ಹಿಂದಿನ ಕಿಟಕಿಯಿಂದ ಬಳಪದ ಸದ್ದು ಬರುವುದೇ ನಿಂತುಹೋಗಿತ್ತು.

ಏಳನೆಯದು ಪಿರಮಿಡ್ಡುಗಳ ದಿನ. ಶಕ್ತಿಯ ಪಿರಮಿಡ್ ಯಾವತ್ತೂ ನೆಟ್ಟಗೇ ಇರುತ್ತದೆ, ಯಾಕೆಂದರೆ ಪ್ರತಿ ಮೆಟ್ಟಿಲಿಗೂ ಶಕ್ತಿ ಕಳೆಯುತ್ತಾ ಹೋಗುತ್ತದೆ. ಇದು ನೀರು ಕುಡಿದಷ್ಟು ಸಲೀಸಾಗಿ ಹೋಯಿತು. ನಂತರ ಜೀವರಾಶಿಯ ಪಿರಮಿಡ್. ಪ್ರತಿ ಸ್ತರದಲ್ಲಿರುವ ಜೀವಿಗಳ ಒಟ್ಟು ತೂಕ. ಹುಲ್ಲುಗಾವಲಿನಲ್ಲಿ ಕೆಳಗೆ ಅಗಲ, ಮೇಲೆ ಸಣ್ಣ.

"ಕೆಲವು ಕಡೆ, ಉದಾಹರಣೆಗೆ ಸಮುದ್ರದಲ್ಲಿ, ಇದು ತಲೆಕೆಳಗಾಗಿರುತ್ತೆ. ತೇಲುವ ಸೂಕ್ಷ್ಮ ಸಸ್ಯಗಳ ತೂಕ ಕಡಿಮೆ, ಅವುಗಳನ್ನ ತಿನ್ನೋ ಜೀವಿಗಳ ತೂಕ ಜಾಸ್ತಿ."

ಮೂರನೆಯ ಸಾಲಿನಲ್ಲಿ ಒಂದು ಕೈ ಎದ್ದಿತು. ಆ ಹುಡುಗಿಗೆ ತರಗತಿ ಇಟ್ಟ ಹೆಸರೇ 'ಯಾಕೆ'. ಕೈ ಎದ್ದ ಕೂಡಲೇ ಸುತ್ತಲಿನವರು ನರಳಿದರು.

"ಸರ್, ತಿನ್ನೋರ ತೂಕ ಜಾಸ್ತಿ, ಊಟದ ತೂಕ ಕಮ್ಮಿ ಅಂದರೆ, ಒಂದೇ ದಿನಕ್ಕೆ ಊಟ ಮುಗಿದುಹೋಗಬೇಕಲ್ಲ? ಅವೆಲ್ಲ ಯಾಕೆ ಹಸಿದು ಸಾಯಲ್ಲ?" ಕೂರಲಿಲ್ಲ. "ಅದೂ ಅಲ್ಲದೆ ಈಗಷ್ಟೇ ಹೇಳಿದ್ರಿ, ಮೇಲೆ ಹೋಗ್ತಾ ಹತ್ತನೇ ಒಂದು ಭಾಗ ಮಾತ್ರ ಸಿಗುತ್ತೆ ಅಂತ. ಹಾಗಿದ್ದರೆ ಮೇಲಿರೋರು ದಪ್ಪ ಹೇಗಾದ್ರು?"

ಮೇಷ್ಟ್ರು ಬಾಯಿ ತೆರೆದರು. ಪುಸ್ತಕದಲ್ಲಿ ಇದ್ದದ್ದು ಒಂದು ಸಾಲು: ಸಮುದ್ರದಲ್ಲಿ ಜೀವರಾಶಿ ಪಿರಮಿಡ್ ಸಾಮಾನ್ಯವಾಗಿ ತಲೆಕೆಳಗಾಗಿರುತ್ತದೆ. ಗಟ್ಟುಮಾಡಿದ್ದರು. ಯಾಕೆ ಎಂದು ಕೇಳಿರಲಿಲ್ಲ.

"ಅದು... ಸಮುದ್ರದಲ್ಲಿ..."

ಹಿಂದಿನ ಕಿಟಕಿಯ ಬಳಿ ಸ್ಟೂಲು ಸರಿದ ಸದ್ದಾಯಿತು. ಮೇಡಂ ಅರ್ಧ ಎದ್ದಿದ್ದರು. ಸ್ಲೇಟು ತೊಡೆಯಿಂದ ಜಾರಿದ್ದು ಅವರಿಗೆ ತಿಳಿದಂತಿರಲಿಲ್ಲ. ಕಣ್ಣು ಆ ಹುಡುಗಿಯ ಮೇಲಿತ್ತು, ತುಟಿ ಬಿರಿದಿತ್ತು, ಎದೆ ಉಸಿರು ತುಂಬಿಕೊಂಡು ಉಬ್ಬಿತ್ತು. ಬೇಕು ಅಂತ ಅಲ್ಲ, ಅದು ಅವಳ ಕೈಯಲ್ಲಿಲ್ಲ, ಎಂದಿದ್ದರು ಯಜಮಾನರು.

"ಒಂದು ನಿಮಿಷ," ಎಂದು ಮೇಷ್ಟ್ರು ತಮಗೇ ಅಚ್ಚರಿಯಾಗುವಷ್ಟು ಜೋರಾಗಿ ಹೇಳಿ, ಕೈ ಎತ್ತಿ ಹಿಂದಕ್ಕೆ ತೋರಿಸಿದರು. ಆ ಕೈ ಹುಡುಗಿಗಲ್ಲ. "ಒಂದೇ ಒಂದು ನಿಮಿಷ. ನಕ್ಷೆ ನೋಡ್ತೀನಿ."

ಬೋರ್ಡಿಗೆ ತಿರುಗಿದರು. ತಲೆಕೆಳಗಾದ ಪಿರಮಿಡ್ಡಿನ ಚೀಟಿಗೆ ಬಂದಿದ್ದದ್ದು ಒಂದೇ ದಾರ, ಜೀವರಾಶಿ ಪಿರಮಿಡ್ಡಿನಿಂದ. ಅದರ ಮೇಲಿನ ಮಾತು 'ಕೆಲವೊಮ್ಮೆ'. ಕೆಲವೊಮ್ಮೆ ಎನ್ನುವುದು ಆಮೇಲೆ ಎನ್ನುವುದರ ತಂಗಿ. ಏನನ್ನೂ ವಿವರಿಸದ ಮಾತು. ಅಂದರೆ ಈ ಚೀಟಿಗೆ ಇನ್ನೊಂದು ಕಡೆಯಿಂದ ದಾರ ಬರಬೇಕಿತ್ತು. ಎಲ್ಲಿಂದ? ಶುಕ್ರವಾರದ ಮಧ್ಯಾಹ್ನ ನೆನಪಾಯಿತು. ಉತ್ಪಾದಕತೆಯ ಪಿನ್ ಕಿತ್ತಾಗ ಏಳು ಚೀಟಿ ಬಿದ್ದಿದ್ದವು. ಇದು ಬಿದ್ದಿರಲಿಲ್ಲ. ತೂತಿನ ಅಂಚಿನಲ್ಲಿ ಹಾಯಾಗಿ ನೇತಾಡುತ್ತಿತ್ತು.

ಕಣ್ಣು ಉತ್ಪಾದಕತೆಯ ಚೀಟಿಗೆ ಹೋಯಿತು. ಚದರ ಮೀಟರಿಗೆ, ವರ್ಷಕ್ಕೆ, ಇಷ್ಟು ಗ್ರಾಂ. 'ವರ್ಷಕ್ಕೆ' ಅಡಿ ಎರಡು ಗೆರೆ. ಜೀವರಾಶಿಯ ಚೀಟಿ: ಚದರ ಮೀಟರಿಗೆ ಇಷ್ಟು ಗ್ರಾಂ. ಅಷ್ಟೇ. ಅಲ್ಲಿ ವರ್ಷವಿಲ್ಲ.

ಜೀವಶಾಸ್ತ್ರ ಬಾರದಿರಬಹುದು, ಮಾನಗಳನ್ನು ಓದಲು ಬಾರದ ಕೆಮಿಸ್ಟ್ರಿ ಮೇಷ್ಟ್ರು ಇಲ್ಲ. ಒಂದು ತೂಕ. ಇನ್ನೊಂದು ವೇಗ.

"ಅಣ್ಣ," ಎಂದರು ತಿರುಗದೆಯೇ. "ನನ್ನ ಲ್ಯಾಬಿನ ಡಿಸ್ಟಿಲ್ಡ್ ವಾಟರ್ ಕ್ಯಾನಿನಲ್ಲಿ ಈಗ ಎಷ್ಟು ನೀರಿದೆ?"

"ಎಲ್ಲಿದೆ? ತಳದಲ್ಲಿ ಅರ್ಧ ಲೀಟರು. ಯಾವಾಗಲೂ ಅಷ್ಟೇ."

"ದಿನಕ್ಕೆ ಎಷ್ಟು ಬಳಸ್ತೀವಿ?"

"ಇಪ್ಪತ್ತು ಲೀಟರು. ಯಂತ್ರದಿಂದ ತೊಟ್ಟಿಕ್ಕಿದ ಹಾಗೇ ಹಿಡ್ಕೊಂಡು ಹೋಗ್ತಾರಲ್ಲ, ನಿಲ್ಲೋಕೆ ಬಿಟ್ಟರೆ ತಾನೆ."

ಮೇಷ್ಟ್ರು ಮಕ್ಕಳ ಕಡೆ ತಿರುಗಿದರು. "ಅರ್ಧ ಲೀಟರಿನ ಕ್ಯಾನು, ಇಪ್ಪತ್ತು ಲೀಟರಿನ ಖರ್ಚು. ಹೇಗೆ?"

"ತುಂಬ್ತಾನೇ ಇರುತ್ತಲ್ಲ ಸರ್," ಎಂದ ಮುಂದಿನ ಸಾಲಿನವನು.

"ಫೋಟೋ ತೆಗೆದರೆ ಕಾಣೋದು ಅರ್ಧ ಲೀಟರು. ಜೀವರಾಶಿ ಪಿರಮಿಡ್ ಆ ಫೋಟೋ. ಈ ಕ್ಷಣದಲ್ಲಿ ಎಷ್ಟು ತೂಕ ಇದೆ, ಅಷ್ಟೇ ಹೇಳೋದು. ಆ ಸೂಕ್ಷ್ಮ ಸಸ್ಯಗಳು ಒಂದೆರಡು ದಿನಕ್ಕೆಲ್ಲ ಇಮ್ಮಡಿಯಾಗ್ತವೆ, ಆದಹಾಗೇ ಯಾರೋ ತಿಂದುಬಿಡ್ತಾರೆ. ನಿಲ್ಲೋಕೆ ಬಿಡಲ್ಲ. ಅದಕ್ಕೇ ಯಾವಾಗ ತೂಗಿದರೂ ಕಮ್ಮಿ. ತಿನ್ನೋರು ಹೆಚ್ಚು ದಿನ ಬದುಕ್ತಾರೆ, ಮೈಯಲ್ಲಿ ತೂಕ ಕೂಡಿಟ್ಕೋತಾರೆ. ಈಗ ಫೋಟೋ ಬಿಟ್ಟು ವರ್ಷವಿಡೀ ಲೆಕ್ಕ ಹಾಕಿ. ಆ ಸಸ್ಯಗಳು ಮಾಡಿದ್ದು ಬೆಟ್ಟದಷ್ಟು, ಮೇಲಿನವರಿಗೆ ದಕ್ಕಿದ್ದು ಅದರಲ್ಲಿ ಸುಮಾರು ಹತ್ತನೇ ಒಂದು. ಶಕ್ತಿಯ ಪಿರಮಿಡ್ ನೆಟ್ಟಗೇ ಇದೆ. ಎರಡೂ ನಿಜ. ಒಂದು ಎಷ್ಟಿದೆ ಅನ್ನುತ್ತೆ, ಇನ್ನೊಂದು ಎಷ್ಟು ಬೇಗ ಆಗುತ್ತೆ ಅನ್ನುತ್ತೆ."

'ಯಾಕೆ' ನಿಂತೇ ಇದ್ದಳು. ಮನಸ್ಸಿನಲ್ಲಿ ಏನನ್ನೋ ಎರಡು ಸಲ ತಿರುವಿ ನೋಡಿದಳು. "ಅಂದರೆ ಉತ್ಪಾದಕತೆ ಗೊತ್ತಿಲ್ಲದಿದ್ದರೆ ಇದು ಅರ್ಥವೇ ಆಗಲ್ಲ. ಮತ್ತೆ ಅಲ್ಲಿ ದಾರ ಯಾಕಿಲ್ಲ ಸರ್?"

"ಇಲ್ಲ. ಈಗ ಕಟ್ತೀನಿ."

ದಾರದ ಉಂಡೆ ಮೇಜಿನ ಮೇಲಿತ್ತು. ಗಂಟು ಎರಡನೆಯ ಸಲಕ್ಕೆ ನಿಂತಿತು. ಕಟ್ಟಿ ಮುಗಿಸಿದ ಮೇಲಷ್ಟೇ ಹಿಂದೆ ನೋಡಿದರು. ಮೇಡಂ ಕೂತಿದ್ದರು. ಯಾವಾಗ ಕೂತರೋ ಗೊತ್ತಿಲ್ಲ. ತುಟಿ ಮುಚ್ಚಿತ್ತು.

*

ಬೆಲ್ ಹೊಡೆದು ಮಕ್ಕಳು ಹೋದ ಮೇಲೆ ಮೇಡಂ ಬೋರ್ಡಿನ ಮುಂದೆ ಬಂದು ಹೊಸ ದಾರವನ್ನು ಮೀಟಿ ನೋಡಿದರು. ಬಿಗಿಯಾಗಿತ್ತು. ಅದರ ಮೇಲೆ ಮೇಷ್ಟ್ರು ಬರೆದಿದ್ದ ಮಾತು: 'ತೂಕ ಕಮ್ಮಿ, ವೇಗ ಹೆಚ್ಚು'.

"ನನ್ನನ್ನ ಪರೀಕ್ಷೆ ಮಾಡೋಕೆ ಬೇಕು ಅಂತಲೇ ಬಿಟ್ಟಿದ್ರಾ?" ಎಂದು ಕೇಳಿದರು ಮೇಷ್ಟ್ರು.

ಮೇಡಂ ಅಡ್ಡಡ್ಡ ತಲೆಯಾಡಿಸಿದರು. ಸ್ಲೇಟಿನ ಮೂಲೆ ಬಿದ್ದ ಹೊಡೆತಕ್ಕೆ ಮುಕ್ಕಾಗಿತ್ತು. ಉಳಿದ ಜಾಗದಲ್ಲಿ ಬರೆದರು: ಇಲ್ಲ. ಇಪ್ಪತ್ತೆರಡು ವರ್ಷ ಅದನ್ನ ಬಾಯಲ್ಲೇ ಹೇಳ್ತಿದ್ದೆ. ಯಾರಾದರೂ ಕೇಳಿದಾಗ ಹೇಳೋದು. ಹಾಗಾಗಿ ದಾರ ಬೇಕು ಅಂತ ಹೊಳೆಯಲೇ ಇಲ್ಲ.

ಒರೆಸಿ ಮತ್ತೆ ಬರೆದರು: ಕೇಳದೇ ಇದ್ದ ಬ್ಯಾಚುಗಳಿಗೆ ಗೊತ್ತೇ ಇಲ್ಲ.

ಮೇಷ್ಟ್ರಿಗೆ ಸಮಾಧಾನದ ಮಾತು ಬಾಯಿಗೆ ಬಂದಿತ್ತು. ಆದರೆ ಈಕೆ ಸುಳ್ಳು ದಾರವನ್ನು ಬೋರ್ಡಿನ ಮೇಲೆ ಉಳಿಸುವವರಲ್ಲ ಎಂದು ಇಷ್ಟರಲ್ಲಿ ತಿಳಿದಿತ್ತು. ತನ್ನ ತಪ್ಪನ್ನು ತಾನೇ ಬರೆದು ಮುಖಕ್ಕೆ ಹಿಡಿಯುವವರನ್ನು ಅವರು ಬೇರೆ ಯಾವ ಸ್ಟಾಫ್ ರೂಮಿನಲ್ಲೂ ಕಂಡಿರಲಿಲ್ಲ.

ಮೇಡಂ ಪೆನ್ಸಿಲ್ ತೆಗೆದುಕೊಂಡು 'ಕಮ್ಮಿ' ಎಂಬುದನ್ನು ಹೊಡೆದು 'ಕಡಿಮೆ' ಎಂದು ತಿದ್ದಿದರು. ಮೇಷ್ಟ್ರಿಗೆ ನಗು ಬಂತು.

ನಾಲ್ಕೂವರೆಗೆ ಯಜಮಾನರು ಬಾಗಿಲಲ್ಲಿ ನಿಂತರು. ಹೆಂಡತಿಯ ಮುಖ ನೋಡಿದರು, ಮೇಷ್ಟ್ರ ಮುಖ ನೋಡಿದರು, ಕೊನೆಗೆ ಅಣ್ಣನ ಕಡೆ ತಿರುಗಿದರು. "ಇವತ್ತು ಏನಾದರೂ ಮಾತಾಡಿದಳಾ?"

"ಇಲ್ಲ ಸಾರ್. ಬಾಯಿ ತೆಗೆದಿದ್ರು. ಮುಚ್ಚಿಸಿಬಿಟ್ರು ನಮ್ಮ ಮೇಷ್ಟ್ರು."

"ನಾಳೆ ಎಷ್ಟು ಹೊತ್ತಿಗೆ ಬಿಡಬೇಕು ನಿನ್ನ?" ಎಂದು ಯಜಮಾನರು ಹೆಂಡತಿಯನ್ನು ಕೇಳಿದರು.

ಎಂಟನೆಯ ಪೀರಿಯಡ್ ಪೋಷಕಾಂಶ ಚಕ್ರ. ಒಂಬತ್ತನೆಯದು ಇಡೀ ನಕ್ಷೆಯನ್ನು ಬುಡದಿಂದ ಒಮ್ಮೆ ಓದುವುದು. ಮೇಡಂ ಬೋರ್ಡಿನತ್ತ ಕಣ್ಣು ಹಾಯಿಸಿದರು. ನಂತರ ಸ್ಲೇಟನ್ನು ಚೀಲದೊಳಗೆ ಹಾಕಿ, ಚೀಲವನ್ನು ಗಂಡನ ಕೈಗೆ ಕೊಟ್ಟು, ನಾಳೆ ಬರುವುದಿಲ್ಲ ಎಂಬಂತೆ ಕೈಯಾಡಿಸಿದರು.

ಬಾಗಿಲು ದಾಟುವಾಗ ತಡೆದು ನಿಂತು, ಮೇಜಿನ ಮೇಲಿದ್ದ ದಾರದ ಉಂಡೆಯನ್ನು ತೆಗೆದು ಮೇಷ್ಟ್ರ ಅಂಗಿಯ ಜೇಬಿಗೆ ತುರುಕಿದರು.